ಶೇ 20 ರಿಯಾಯಿತಿ, ಶೇ 18 ಜಿಎಸ್‌ಟಿ: ಉಳಿಯುವುದು ಬರೀ ಶೇ 2 ಅಲ್ಲ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಯವರು ಮದುವೆ ಖರೀದಿಗೆ ದಾವಣಗೆರೆಗೋ ಶಿವಮೊಗ್ಗಕ್ಕೋ ಹೋಗುವುದು ವಾಡಿಕೆ. ಅಲ್ಲಿ ಸ್ಟೀಲ್ ಬೀರು ತೋರಿಸಿ ‘ಹತ್ತು ಸಾವಿರ, ಶೇ 20 ಬಿಡುತ್ತೇವೆ, ಜಿಎಸ್‌ಟಿ ಬೇರೆ’ ಎಂದು ಹೇಳಿದರೆ, ವಾಣಿಜ್ಯ ಓದುವ ಮಕ್ಕಳೂ ಥಟ್ಟನೆ ಹಾಕುವ ಲೆಕ್ಕ ಒಂದಿದೆ: ‘20 ಬಿಟ್ಟು 18 ಸೇರಿಸಿದರು. ಅಲ್ಲಿಗೆ ಉಳಿದದ್ದು ಶೇ 2. ಇನ್ನೂರು ರೂಪಾಯಿ ಅಷ್ಟೇ.’

ಇದು ತಪ್ಪು. ₹10,000ಕ್ಕೆ ಶೇ 20 ಕಳೆದರೆ ₹8,000. ಅದರ ಶೇ 18 ಎಂದರೆ ₹1,440. ಕೊಡಬೇಕಾದದ್ದು ₹9,440, ಉಳಿತಾಯ ₹560, ಅಂದರೆ ಶೇ 5.6. ಆ 20 ಹತ್ತು ಸಾವಿರದ ಮೇಲಿನ 20. ಈ 18 ಎಂಟು ಸಾವಿರದ ಮೇಲಿನ 18. ಎರಡರ ಬುಡವೇ ಬೇರೆಯಾದ್ದರಿಂದ ನೇರವಾಗಿ ಕಳೆಯಲು ಬರುವುದಿಲ್ಲ.

ಇಂಥ ಸರಣಿಗೆ ಸುಲಭದ ದಾರಿ ಗುಣಿಸುವುದು. ಶೇ 20 ಕಡಿಮೆ ಎಂದರೆ 0.80, ಶೇ 18 ಹೆಚ್ಚು ಎಂದರೆ 1.18. ಗುಣಿಸಿದರೆ 0.944. ರಿಯಾಯಿತಿಯ ಮೇಲೆ ರಿಯಾಯಿತಿಗೂ ಇದೇ ಲೆಕ್ಕ. ‘ಶೇ 20 ಜೊತೆಗೆ ಇನ್ನೂ ಶೇ 10’ ಎಂಬ ಬೋರ್ಡಿನ ಅರ್ಥ 0.80 × 0.90, ಅಂದರೆ 0.72. ಒಟ್ಟು ರಿಯಾಯಿತಿ ಶೇ 28, ಶೇ 30 ಅಲ್ಲ.

ಹಾಗಾದರೆ ಬಿಲ್ಲಿನಲ್ಲಿ ಸಿಜಿಎಸ್‌ಟಿ 9, ಎಸ್‌ಜಿಎಸ್‌ಟಿ 9 ಎಂದು ಬರೆದಿರುತ್ತಾರಲ್ಲ, ಅವನ್ನೂ ಗುಣಿಸಬೇಕೆ? ಬೇಡ. ಎರಡನ್ನೂ ಅದೇ ₹8,000ದ ಮೇಲೆ ಹಾಕುತ್ತಾರೆ, ತಲಾ ₹720. ಬುಡ ಒಂದೇ ಆದಾಗ ಶೇಕಡಾವನ್ನು ಕೂಡಬಹುದು.

ಮೊದಲು ತೆರಿಗೆ ಹಾಕಿ ಆಮೇಲೆ ರಿಯಾಯಿತಿ ಕೊಟ್ಟರೆ? ₹11,800ರಲ್ಲಿ ಶೇ 20 ಕಳೆದರೂ ಬರುವುದು ₹9,440ವೇ. ಗ್ರಾಹಕನಿಗೆ ವ್ಯತ್ಯಾಸವಿಲ್ಲ, ಆದರೆ ಬಿಲ್ ಬರೆಯುವವರಿಗೆ ಇದೆ. ಸಿಜಿಎಸ್‌ಟಿ ಕಾಯ್ದೆಯ 15(3)ನೇ ಸೆಕ್ಷನ್ ಪ್ರಕಾರ, ಮಾರಾಟದ ಹೊತ್ತಿಗೇ ಕೊಟ್ಟು ಬಿಲ್ಲಿನಲ್ಲಿ ತೋರಿಸಿದ ರಿಯಾಯಿತಿಯನ್ನು ಕಳೆದ ಮೇಲೆ ಉಳಿದ ಮೊತ್ತಕ್ಕಷ್ಟೇ ತೆರಿಗೆ. ಹೀಗಾಗಿ ತೆರಿಗೆ ಕಾಲಂನಲ್ಲಿ ಬರಬೇಕಾದದ್ದು ₹1,440, ₹1,800 ಅಲ್ಲ. ಕೊನೆಯ ಮೊತ್ತ ತಾಳೆಯಾದ ಮಾತ್ರಕ್ಕೆ ಬಿಲ್ ಸರಿಯಿದೆ ಎನ್ನಲಾಗದು.

ನಾವು ಕಂಡಂತೆ ಹೆಚ್ಚು ಮಂದಿ ಎಡವುವುದು ಹಿಂದಕ್ಕೆ ಲೆಕ್ಕ ಹಾಕುವಾಗ. ‘ತೆರಿಗೆ ಸೇರಿ ₹9,440, ತೆರಿಗೆ ಎಷ್ಟು?’ ಎಂದರೆ 9,440ರ ಶೇ 18 ತೆಗೆದು ₹1,699.20 ಎಂದು ಬರೆಯುತ್ತಾರೆ. ತಾಳೆ ನೋಡಿದರೆ ತಪ್ಪು ಕೂಡಲೇ ಸಿಗುತ್ತದೆ: ಅದನ್ನು ಕಳೆದರೆ ಉಳಿಯುವುದು ₹7,740.80. ಅದಕ್ಕೆ ಮತ್ತೆ ಶೇ 18 ಸೇರಿಸಿದರೆ ಸುಮಾರು ₹9,134 ಆಗುತ್ತದೆಯೇ ಹೊರತು 9,440 ಆಗುವುದಿಲ್ಲ. ಇಲ್ಲಿ 9,440 ಎಂಬುದು 100 ಅಲ್ಲ, 118. ಆದ್ದರಿಂದ 118ರಿಂದ ಭಾಗಿಸಿ 18ರಿಂದ ಗುಣಿಸಬೇಕು. ಉತ್ತರ ₹1,440. ಪ್ಯಾಕೆಟ್ ಮೇಲಿನ ಎಂಆರ್‌ಪಿಯೂ ಹೀಗೆಯೇ, ಎಲ್ಲಾ ತೆರಿಗೆ ಸೇರಿದ ಬೆಲೆ. ಎಂಆರ್‌ಪಿಯಲ್ಲಿ ರಿಯಾಯಿತಿ ಎಂದು ಹೇಳಿ, ಅದರ ಮೇಲೆ ಮತ್ತೆ ಜಿಎಸ್‌ಟಿ ಸೇರಿಸಿದ್ದರೆ ಕೌಂಟರಿನಲ್ಲೇ ಕೇಳಿ.

ಕ್ರಮ ಬದಲಾದರೂ ಮೊತ್ತ ಒಂದೇ ಎಂದೆವಲ್ಲ, ಅದಕ್ಕೊಂದು ಷರತ್ತಿದೆ: ತೆರಿಗೆ ದರ ಬದಲಾಗಬಾರದು. ಸಿದ್ಧ ಉಡುಪಿನಲ್ಲಿ ಅದು ಬದಲಾಗುತ್ತದೆ. 2025ರ ಸೆಪ್ಟೆಂಬರ್ 22ರಿಂದ, ಒಂದಕ್ಕೆ ₹2,500ರವರೆಗಿನ ಉಡುಪಿಗೆ ಶೇ 5, ಅದಕ್ಕಿಂತ ಮೇಲಿನದಕ್ಕೆ ಶೇ 18. ನೋಡುವುದು ರಿಯಾಯಿತಿ ಕಳೆದ ಮೇಲಿನ ಮಾರಾಟ ಬೆಲೆಯನ್ನು. ತೆರಿಗೆ ಬಿಟ್ಟು ₹3,000 ಇರುವ ಮದುಮಗನ ಕೋಟಿಗೆ ಶೇ 15 ಬಿಟ್ಟರೆ ₹2,550. ಶೇ 18 ಸೇರಿ ₹3,009 ಆಗುತ್ತದೆ, ಅಂದರೆ ಮೂಲ ಬೆಲೆಗಿಂತ ಒಂಬತ್ತು ರೂಪಾಯಿ ಹೆಚ್ಚೇ! ಅದೇ ಕೋಟಿಗೆ ಶೇ 17 ಬಿಟ್ಟರೆ ₹2,490. ಶೇ 5 ಸೇರಿ ₹2,614.50. ಅಂಗಡಿಯವರು ಹೆಚ್ಚಿಗೆ ಬಿಟ್ಟದ್ದು ₹60. ಗ್ರಾಹಕನಿಗೆ ಉಳಿದದ್ದು ₹394.50. ಚೌಕಾಸಿ ಮಾಡುವುದಾದರೆ ಈ ಗಡಿಯ ಹತ್ತಿರ ಮಾಡಬೇಕು. ₹4,000ದ ಕೋಟಿಗೆ ಶೇ 15ರ ಬದಲು ಶೇ 17 ಬಿಡಿಸಿಕೊಂಡರೆ, ತೆರಿಗೆಯೂ ಸೇರಿ ಉಳಿಯುವುದು ₹94.40 ಮಾತ್ರ.