ಓಡೋಮೀಟರ್ ನೋಡಿ ಮಾತಾಡಿ, ಭಾವ

“ಎರಡು ಮಕ್ಕಳಾದ ಮೇಲೂ ಕಾರಿಲ್ಲ ಅಂದ್ರೆ ಹೇಗೋ?” ಅಂತ ನಮ್ಮ ಭಾವ ಹಬ್ಬಕ್ಕೊಂದು ಸಲ ಕೇಳ್ತಾರೆ. ಈ ಯುಗಾದಿಗೆ ನಾನು ಉತ್ತರ ಕೊಡಲಿಲ್ಲ. ಕೆಳಗಿಳಿದು ಅವರ ಕಾರಿನ ಓಡೋಮೀಟರ್ ನೋಡಿಬಂದೆ. ಮೂರು ವರ್ಷಕ್ಕೆ 18,000 ಕಿಲೋಮೀಟರ್. ತಿಂಗಳಿಗೆ ಬರೀ ಐನೂರು.

ಭಾವನ ಲೆಕ್ಕದಲ್ಲಿ ಕಾರಿನ ಖರ್ಚು ಅಂದ್ರೆ ಪೆಟ್ರೋಲ್ ಮಾತ್ರ. ಬೆಂಗಳೂರಿನ ಟ್ರಾಫಿಕ್ಕಲ್ಲಿ ಲೀಟರಿಗೆ ಹನ್ನೆರಡು ಬಂದರೂ ಕಿಲೋಮೀಟರಿಗೆ ಒಂಬತ್ತು ರೂಪಾಯಿ ದಾಟಲ್ಲ, ಕ್ಯಾಬಿಗೆ ಇಪ್ಪತ್ತೈದು. ಮುಗೀತು, ಕಾರೇ ಅಗ್ಗ!

ಆದರೆ ಕಾರು ನಿಂತಲ್ಲೇ ತಿನ್ನುತ್ತದೆ. ತೆರಿಗೆ, ವಿಮೆ ಎಲ್ಲ ಸೇರಿ ಹತ್ತು ಲಕ್ಷ ಕೊಟ್ಟ ಗಾಡಿ ಎಂಟು ವರ್ಷಕ್ಕೆ ಮೂರು ಲಕ್ಷಕ್ಕೆ ಹೋದರೆ, ತಿಂಗಳಿಗೆ 7,300 ಕರಗಿತು. ಎಂಟು ಲಕ್ಷ ಸಾಲಕ್ಕೆ ಶೇ. 9ರಂತೆ ಏಳು ವರ್ಷ ಕಟ್ಟುವ ಬಡ್ಡಿಯನ್ನು ಎಂಟು ವರ್ಷಕ್ಕೆ ಹಂಚಿದರೆ 2,900. ವಿಮೆ, ಸರ್ವೀಸು, ಟೈರು, ಬೆಳಗ್ಗೆ ಒರೆಸುವ ಹುಡುಗ ಎಲ್ಲ ಸೇರಿ ಇನ್ನೊಂದು 4,100. ಒಟ್ಟು 14,300 ರೂಪಾಯಿ, ಕೀಲಿ ತಿರುಗಿಸದೆ! ಅದನ್ನು ಐನೂರು ಕಿಲೋಮೀಟರಿಗೆ ಹಂಚಿ, ಪೆಟ್ರೋಲ್ ಸೇರಿಸಿದರೆ ಭಾವ ಕಿಲೋಮೀಟರಿಗೆ 37 ರೂಪಾಯಿ ಕೊಡ್ತಿದ್ದಾರೆ. ಕಾರು ಕ್ಯಾಬಿಗೆ ಸಮ ಆಗೋದು ತಿಂಗಳಿಗೆ ಒಂಬೈನೂರರ ಹತ್ತಿರ ಓಡಿಸಿದಾಗ. ಮಳೆಗೆ ರೇಟು ಏರಿ ಕ್ಯಾಬ್ ಸರಾಸರಿ ಮೂವತ್ತಾದರೂ, ಏಳುನೂರು ಹತ್ತಿರ ಓಡಿಸಲೇಬೇಕು.

“ನಾಲ್ಕು ಜನ ಇದ್ದೀರಲ್ಲೋ” ಅಂತಾರೆ. ನಾಲ್ಕು ಜನ ಒಟ್ಟಿಗೆ ಹೊರಡೋದು ಭಾನುವಾರ ಮಾತ್ರ, ಸ್ವಾಮಿ! ಸೋಮವಾರ ನಾನು ಮೆಟ್ರೋಗೆ, ಮಕ್ಕಳು ಸ್ಕೂಲ್ ವ್ಯಾನಿಗೆ, ಇವಳು ಬಿಎಂಟಿಸಿಗೆ. ಶಕ್ತಿ ಯೋಜನೆ ಬಂದಮೇಲೆ ಇವಳ ಟಿಕೆಟ್ಟೂ ಸೊನ್ನೆ. ಕಾರಿದ್ದಿದ್ದರೂ ವ್ಯಾನಿನ ಫೀಸು ತಪ್ಪುತ್ತಿರಲಿಲ್ಲ. ಭಾನುವಾರ ಮಾತ್ರ ನಾನು ಮೆಟ್ರೋ ಭಕ್ತನಲ್ಲ: ನಾಲ್ಕು ಟಿಕೆಟ್ ಕೂಡಿದರೆ ಹತ್ತಿರದ ದಾರಿಗೆ ಕ್ಯಾಬಿನಷ್ಟೇ ಆಗುತ್ತೆ, ಕ್ಯಾಬಾದರೆ ಮನೆ ಬಾಗಿಲಿಗೇ ಬರುತ್ತೆ. ಊರಿಗೆ ಹೋಗುವಾಗ ಎರಡು ದಿನಕ್ಕೆ ಬಾಡಿಗೆ ಕಾರು.

ಒಂದು ಮಾತಿಗೆ ಮಾತ್ರ ನಾನು ಸೋತೆ. ಹೋದ ವರ್ಷ ಚಿಕ್ಕವಳಿಗೆ ರಾತ್ರಿ ಎರಡಕ್ಕೆ ಜ್ವರ ಏರಿ, ಬುಕ್ ಮಾಡಿದ ಎರಡು ಕ್ಯಾಬೂ ಕ್ಯಾನ್ಸಲ್ ಆದವು. ಆ ಹದಿನೈದು ನಿಮಿಷ ಯಾವ ಲೆಕ್ಕವೂ ನೆನಪಿಗೆ ಬರಲಿಲ್ಲ. ಕೊನೆಗೆ ನಮ್ಮ ಬೀದಿಯ ಆಟೋದವರನ್ನೇ ಎಬ್ಬಿಸಿದೆ. ಈಗ ಅವರ ನಂಬರ್ ಫ್ರಿಡ್ಜಿನ ಮೇಲಿದೆ, ರಾತ್ರಿ ಕರೆದರೆ ಕೇಳಿದ್ದಕ್ಕಿಂತ ಇನ್ನೂರು ಹೆಚ್ಚು ಕೊಡ್ತೀನಿ. ಮನೆಯಲ್ಲಿ ಹಾಸಿಗೆ ಹಿಡಿದವರಿದ್ದರೆ, ಬಸ್ಸೇ ಬಾರದ ಬಡಾವಣೆಯಲ್ಲಿದ್ದರೆ ಕಾರು ತಗೊಳ್ಳಿ, ನನ್ನ ಗಣಿತ ಅಲ್ಲಿ ನಡೆಯಲ್ಲ.

ಭಾವನ ಮನೆಯಿಂದ ಮೆಟ್ರೋ ಐದು ನಿಮಿಷ. ಪಾರ್ಕಿಂಗ್ ಸಿಗಲ್ಲ ಅಂತ ಆಫೀಸಿಗೆ ಅದರಲ್ಲೇ ಹೋಗ್ತಾರೆ. ಕಾರು ಬೂದು ಕವರಿನೊಳಗೆ ಮುಂದಿನ ಭಾನುವಾರಕ್ಕೆ ಕಾಯ್ತಿದೆ.