160 ಚದರಡಿಯಲ್ಲಿ ಓದು

ಶಾಂತವಾದ ಜಾಗದಲ್ಲಿ ಕುಳಿತು ಓದಬೇಕೆಂದು ಮುಂಬಯಿಯ ಮಕ್ಕಳಿಗೆ ಉಪದೇಶಿಸುವವರು, ಆ ಜಾಗ ಎಲ್ಲಿದೆಯೆಂದು ಮಾತ್ರ ತಿಳಿಸುವುದಿಲ್ಲ. 1920ರ ದಶಕದಲ್ಲಿ ವರ್ಲಿ, ನಾಯಗಾಂವ್‌ಗಳಲ್ಲಿ ಎದ್ದ ಬಿ.ಡಿ.ಡಿ. ಚಾಳುಗಳ ಕೋಣೆಯ ಅಳತೆ 160 ಚದರಡಿ. ಅಡುಗೆ, ಊಟ, ನಿದ್ದೆ, ನೆಂಟರು, ಟಿ.ವಿ. ಎಲ್ಲವೂ ಅದರೊಳಗೇ. 2025ರ ಆಗಸ್ಟಿನಲ್ಲಿ ವರ್ಲಿಯ ಕೆಲವು ಕುಟುಂಬಗಳಿಗೆ 500 ಚದರಡಿಯ ಹೊಸ ಮನೆಯ ಕೀಲಿಕೈ ದೊರೆಯಿತು. ಉಳಿದ ಅನೇಕರ ಬದುಕು ಇನ್ನೂ ಒಂದೇ ಕೋಣೆಯದು.

ಇಂಥಲ್ಲಿ ಮೌನವನ್ನು ಹುಡುಕುವುದಕ್ಕಿಂತ ಸದ್ದನ್ನು ವಿಂಗಡಿಸುವುದು ಲೇಸು. ಫ್ಯಾನಿನ ಸದ್ದಾಗಲಿ, ಸುರಿಯುವ ಮಳೆಯಾಗಲಿ ಓದನ್ನು ಅಷ್ಟಾಗಿ ಕೆಡಿಸವು. ಕೆಡಿಸುವುದು ಅರ್ಥವಾಗುವ ಮಾತು. ಪಾಠದ ವಾಕ್ಯವನ್ನು ಮನಸ್ಸು ಹಿಡಿದಿಟ್ಟುಕೊಳ್ಳುತ್ತಿರುವಾಗಲೇ ಧಾರಾವಾಹಿಯ ಅತ್ತೆ ಗದರಿದರೆ, ಅವಳ ಮಾತೂ ಅದೇ ಜಾಗಕ್ಕೆ ನುಗ್ಗುತ್ತದೆ. ಹತ್ತಿಯ ಉಂಡೆ ಕಿವಿಗಿಟ್ಟರೆ ಸದ್ದು ತಗ್ಗೀತು, ಮಾತು ಅಳಿಯದು. ಫ್ಯಾನನ್ನು ಹತ್ತಿರಕ್ಕೆ ತಂದುಕೊಂಡರೆ ಅದರ ಸದ್ದಿನಲ್ಲಿ ಮಾತಿನ ಅಂಚುಗಳು ಮಸುಕಾಗುತ್ತವೆ.

ಆರು ಜನರ ಮನೆಯ, ಹನ್ನೆರಡನೆಯ ತರಗತಿಯಲ್ಲಿ ವಾಣಿಜ್ಯ ಓದುವ ಹುಡುಗಿಯೊಬ್ಬಳನ್ನು ಎಣಿಸಿಕೊಳ್ಳೋಣ. ಸಂಜೆ ಏಳರಿಂದ ಒಂಬತ್ತರವರೆಗೆ ಮನೆ ಸಂತೆ. ಆಗ ಅವಳು ಮೊದಲೇ ಅರಿತ ಲೆಕ್ಕಗಳನ್ನು ಬಿಡಿಸಲಿ, ಜಮಾಖರ್ಚಿನ ಪಟ್ಟಿ ಎಳೆಯಲಿ, ಟಿಪ್ಪಣಿಯನ್ನು ಚೊಕ್ಕಟವಾಗಿ ಬರೆಯಲಿ. ಕೈಗೆ ಕೆಲಸವಿದ್ದರೆ ಮಾತು ಅಷ್ಟು ಕಾಡದು. ಹೊಸ ಅರ್ಥಶಾಸ್ತ್ರದ ಅಧ್ಯಾಯವನ್ನು ಮಾತ್ರ ಆಗ ತೆರೆಯಬಾರದು. ಪುಟ ಮುಗಿದ ಮೇಲೆ ಪುಸ್ತಕ ಮುಚ್ಚಿ, ಓದಿದ್ದನ್ನು ಎರಡು ಮಾತಿನಲ್ಲಿ ಹೇಳಲಾಗದಿದ್ದರೆ ಆ ಹೊತ್ತಿಗೆ ಆ ಕೆಲಸ ಹೊಂದಿಲ್ಲವೆಂದೇ ತಿಳಿಯಬೇಕು. ಅದಕ್ಕೆ ತಕ್ಕ ಹೊತ್ತು ಬೆಳಗಿನ ಐದು ಗಂಟೆ, ನಲ್ಲಿಯ ನೀರಿಗಾಗಿ ಕೊಡಗಳು ಸದ್ದು ಮಾಡುವ ಮುನ್ನ.

ಆದರೆ ಬೆಳಗಿನ ಐದು ಗಂಟೆ ಒಬ್ಬಳ ನಿರ್ಧಾರವಲ್ಲ. ಒಂದೇ ಕೋಣೆಯಲ್ಲಿ ಟಿ.ವಿ. ಆರಿದಾಗಲೇ ಎಲ್ಲರಿಗೂ ನಿದ್ದೆ. ಆದುದರಿಂದ ಮನೆಯವರಿಂದ ಬೇಡಬೇಕಾದದ್ದು ದಿನವಿಡೀ ಮೌನವಲ್ಲ, ಹತ್ತು ಗಂಟೆಗೆ ಟಿ.ವಿ. ಆರಿಸುವ ಒಂದೇ ಒಂದು ಕರಾರು. ಅದು ಮುರಿದ ದಿನ ಐದಕ್ಕೆ ಏಳುವ ಹಠವೂ ಬೇಡ, ನಿದ್ದೆಗೆಟ್ಟ ಕಣ್ಣಿಗೆ ಅಕ್ಷರ ಹತ್ತದು. ಪುಸ್ತಕಕ್ಕೆ ಕಚ್ಚಿಕೊಳ್ಳುವ ಚಿಕ್ಕ ದೀಪವೊಂದಿದ್ದರೆ ಮಲಗಿದವರ ಮುಖಕ್ಕೆ ಬೆಳಕು ಬೀಳದು. ಮಡಚುವ ಮಣೆ, ಎಲ್ಲ ಸಾಮಗ್ರಿಯೂ ಹಿಡಿಸುವ ಒಂದು ಚೀಲ, ಇಷ್ಟಿದ್ದರೆ ಪೆನ್ಸಿಲಿಗಾಗಿ ಯಾರನ್ನೂ ದಾಟಿ ಹೋಗಬೇಕಿಲ್ಲ.

ಪರೀಕ್ಷೆ ಹತ್ತಿರವಾದಾಗ ಮನೆ ಸಾಲದು. ಈ ನಗರದಲ್ಲಿ ‘ಅಭ್ಯಾಸಿಕಾ’ ಎಂಬ ಮರಾಠಿ ಹೆಸರಿನ ಓದುಕೋಣೆಗಳಿವೆ. ಅಲ್ಲಿಗೆ ಮನೆಯಲ್ಲಿ ಆಗದ ಕೆಲಸವನ್ನಷ್ಟೇ, ಅಂದರೆ ಗಡಿಯಾರವಿಟ್ಟು ಮೂರು ಗಂಟೆಯ ಪ್ರಶ್ನಪತ್ರಿಕೆ ಬರೆಯುವುದನ್ನು, ಒಯ್ಯುವುದು ಜಾಣತನ. ಗೆಳತಿಯರ ಗುಂಪಿನೊಡನೆ ಹೋದರೆ ಅದೂ ಇನ್ನೊಂದು ಚಾಳೇ!

ಹಗಲು ಉಡುಪಿ ಹೋಟೆಲುಗಳಲ್ಲಿ ದುಡಿದು ಕನ್ನಡದ ರಾತ್ರಿಶಾಲೆಗಳಲ್ಲಿ ಕಲಿತ ನಮ್ಮ ಹಿರಿಯರಿಗೆ ಮಲಗಲೂ ಸ್ವಂತ ಮೂಲೆಯಿರಲಿಲ್ಲ. ಅವರಿಗೆ ಶಾಲೆಯ ಬೆಂಚೇ ಓದುಕೋಣೆ. ನಮ್ಮ ಸಂಘಗಳ ಸಭಾಗೃಹಗಳು ವಾರದ ಬಹುಪಾಲು ಸಂಜೆ ಬೀಗ ಹಾಕಿಕೊಂಡಿರುತ್ತವೆ. ಪರೀಕ್ಷೆಗೆ ಮುಂಚಿನ ಎರಡು ತಿಂಗಳು, ಸಂಜೆ ಆರರಿಂದ ಹತ್ತರವರೆಗೆ, ದೀಪ, ಫ್ಯಾನು, ಕುರ್ಚಿ ಮತ್ತು ಒಬ್ಬ ಕಾವಲಿನವನು. ಖರ್ಚು ಒಂದು ಸನ್ಮಾನ ಸಮಾರಂಭದ ಶಾಲು-ಹಾರಗಳಿಗಿಂತ ಬಹಳ ಹೆಚ್ಚೇನೂ ಆಗಲಾರದು.