ಕತ್ತರಿಸಿದರೂ ಹೋಗದ ಅಂಚು

ಮೇಷ್ಟರೊಬ್ಬರ ನೆನಪಿನ ಪುಸ್ತಕದ ಪ್ರೂಫ್ ನೋಡಲು ಮೈಸೂರಿನ ಒಂದು ಅಚ್ಚುಕೂಟಕ್ಕೆ ಹೋಗಿದ್ದೆ. ಅಕ್ಷರಗಳು ಬಡಕಲಾಗಿದ್ದವು. ನಾನು ಕೊಟ್ಟಿದ್ದು 12 ಪಾಯಿಂಟು, ಕಂಡಿದ್ದು ಹೆಚ್ಚುಕಡಿಮೆ 10. ಕತ್ತರಿಸಿ ಬಿಸಾಡಬೇಕಿದ್ದ ಕಟಿಂಗ್ ಗುರುತುಗಳು ನಾಲ್ಕು ಮೂಲೆಯಲ್ಲೂ ಪುಟದ ಒಳಗೇ ಕೂತಿದ್ದವು. ‘ಪೇಜ್ ಸೈಜ್ ಜಾಸ್ತಿ ಇತ್ತು ಸಾರ್, ಡೆಮಿಗೆ ಫಿಟ್ ಮಾಡಿದೀನಿ’ ಎಂದ ಕಂಪ್ಯೂಟರ್ ಮುಂದಿದ್ದ ಹುಡುಗ.

ಅವನ ಮಾತು ಸುಳ್ಳಲ್ಲ. ಡೆಮಿ 1/8 ಪುಸ್ತಕ ಎಂದರೆ 5.5 ಇಂಚು ಅಗಲ, 8.5 ಇಂಚು ಎತ್ತರ. ನನ್ನ ಫೈಲಿನ ಹಾಳೆಯಾದರೋ 6.5 ಇಂಚಿಗೆ 9.5. ಸುತ್ತಲೂ ಅರ್ಧ ಇಂಚು ಜಾಗ ಬಿಟ್ಟು ಅದರಲ್ಲಿ ಗುರುತುಗಳನ್ನು ಇಟ್ಟಿದ್ದೆ. ಮುಖಪುಟದ ಬಣ್ಣವನ್ನೂ ಕತ್ತರಿಸುವ ಗೆರೆಯಿಂದ ಕಾಲಿಂಚಿನ ಅರ್ಧದಷ್ಟು ಆಚೆಗೆ ಹರಿಸಿದ್ದೆ. ಇಡೀ ಹಾಳೆಯ ಅಳತೆಗೆ ಪಿಡಿಎಫ್‌ನಲ್ಲಿ ಮೀಡಿಯಾ ಬಾಕ್ಸ್ ಎಂದು ಹೆಸರು. ಕತ್ತರಿಸಿದ ಮೇಲೆ ಓದುಗನ ಕೈಗೆ ಬರುವ ಪುಟದ ಅಳತೆ ಟ್ರಿಮ್ ಬಾಕ್ಸ್. ನಮ್ಮೂರಿನ ನೋಟು ಮುದ್ರಣಾಲಯದ ಭಾಷೆಯಲ್ಲಿ ಹೇಳುವುದಾದರೆ, ದೊಡ್ಡ ಹಾಳೆ ಮೀಡಿಯಾ. ಜೇಬಿಗೆ ಬರುವ ಐನೂರರ ನೋಟಿನ 66 ಮತ್ತು 150 ಮಿಲಿಮೀಟರು ಟ್ರಿಮ್.

ಪಿಡಿಎಫ್ ಈ ಅಳತೆಗಳನ್ನು ಪಾಯಿಂಟಿನಲ್ಲಿ ಬರೆದಿಡುತ್ತದೆ. ಇಂಚಿಗೆ 72 ಪಾಯಿಂಟು. ಮನೆಗೆ ಬಂದು ಮೂಲ ಫೈಲನ್ನು ಪರೀಕ್ಷಿಸಿದೆ:

```
pdfinfo -box nenapu.pdf

MediaBox:   0.00   0.00  468.00  684.00
CropBox:    0.00   0.00  468.00  684.00
TrimBox:   36.00  36.00  432.00  648.00
```

ಮೊದಲೆರಡು ಅಂಕಿ ಎಡಗಡೆಯ ಕೆಳಮೂಲೆ, ಕೊನೆಯೆರಡು ಬಲಗಡೆಯ ಮೇಲ್ಮೂಲೆ. 432ರಲ್ಲಿ 36 ಕಳೆದರೆ 396, ಅಂದರೆ ಸರಿಯಾಗಿ 5.5 ಇಂಚು. ಮೂಲದಲ್ಲಿ ತಪ್ಪಿರಲಿಲ್ಲ. ತಪ್ಪು ಮಾಡಿದ್ದು ನಾನೇ. ಫೈಲು ಭಾರವಾಯಿತೆಂದು ಯಾವುದೋ ತಂತ್ರಾಂಶದಲ್ಲಿ ಕುಗ್ಗಿಸಿ ಕಳಿಸಿದ್ದೆ. ಅದು ಪುಟಗಳನ್ನು ಹೊಸದಾಗಿ ಬರೆಯುವಾಗ ಟ್ರಿಮ್ ಬಾಕ್ಸನ್ನು ಕೈಬಿಟ್ಟಿತ್ತು. ಟ್ರಿಮ್ ಇಲ್ಲದಿದ್ದರೆ ಕ್ರಾಪ್ ಬಾಕ್ಸೇ ಟ್ರಿಮ್. ಕ್ರಾಪ್ ಕೂಡ ಇಲ್ಲದಿದ್ದರೆ ಮೀಡಿಯಾ. ಇದು ಪಿಡಿಎಫ್‌ನ ನಿಯಮ. ಹಾಗಾಗಿ ಹುಡುಗನಿಗೆ 6.5 ಇಂಚಿನ ಹಾಳೆಯೇ ಪುಟವಾಗಿ ಕಂಡಿದೆ. ಅದನ್ನು 5.5ಕ್ಕೆ ಇಳಿಸಿದರೆ ಎಲ್ಲವೂ ನೂರಕ್ಕೆ 85ರಷ್ಟಾಗುತ್ತದೆ, 12 ಪಾಯಿಂಟು 10 ಚಿಲ್ಲರೆಗೆ ಇಳಿಯುತ್ತದೆ. ಇಲ್ಲೊಂದು ಮೋಸವಿದೆ. ಟ್ರಿಮ್ ಕಳೆದುಹೋದ ಫೈಲಿಗೂ ಇದೇ ಆಜ್ಞೆ ಟ್ರಿಮ್ ಬಾಕ್ಸ್ ಸಾಲನ್ನು ತೋರಿಸುತ್ತದೆ, ನಿಯಮದ ಪ್ರಕಾರ ಎರವಲು ತಂದು. ಕಟಿಂಗ್ ಗುರುತಿರುವ ಫೈಲಿನಲ್ಲಿ ಟ್ರಿಮ್ ಮತ್ತು ಮೀಡಿಯಾದ ಅಂಕಿಗಳು ಒಂದೇ ಆಗಿದ್ದರೆ ಟ್ರಿಮ್ ಹೋಗಿದೆ ಎಂದೇ ತಿಳಿಯಬೇಕು.

ಆಗಲೂ ನನಗೆ ಬುದ್ಧಿ ಬರಲಿಲ್ಲ. ಆ ಕುಗ್ಗಿದ ಫೈಲನ್ನೇ ಅಕ್ರೋಬ್ಯಾಟ್‌ನಲ್ಲಿ ತೆರೆದು, ಸುತ್ತಲಿನ ಅರ್ಧ ಇಂಚನ್ನು ಕ್ರಾಪ್ ಮಾಡಿ ಮತ್ತೆ ಕಳಿಸಿದೆ. ಪರದೆಯ ಮೇಲೆ ಗುರುತುಗಳು ಮಾಯ. ಮನೆಯ ಪ್ರಿಂಟರಿನಲ್ಲೂ ಅಂದವಾಗಿ ಬಂತು, ಏಕೆಂದರೆ ಪರದೆ ತೋರಿಸುವುದೂ ಅಲ್ಲಿಂದ ಪ್ರಿಂಟ್ ಆಗುವುದೂ ಕ್ರಾಪ್ ಬಾಕ್ಸಿನ ಒಳಗಿನದ್ದು ಮಾತ್ರ. ಅಚ್ಚುಕೂಟದ ಎರಡನೆಯ ಪ್ರೂಫಿನಲ್ಲಿ ಗುರುತುಗಳು ಮತ್ತೆ ಹಾಜರು! ಪುಟಗಳನ್ನು ಫಾರಂಗೆ ಜೋಡಿಸುವ ಅಲ್ಲಿನ ತಂತ್ರಾಂಶವನ್ನು ಮೀಡಿಯಾ ಬಾಕ್ಸ್ ತೆಗೆದುಕೊಳ್ಳುವಂತೆ ಇಟ್ಟಿದ್ದರು. ಕ್ರಾಪ್ ಎಂದರೆ ಕತ್ತರಿಯಲ್ಲ, ಕಿಟಕಿ. ಕಿಟಕಿಯ ಆಚೆಯದು ಫೈಲಿನಲ್ಲಿ ಹಾಗೇ ಉಳಿದಿರುತ್ತದೆ. (ಆಧಾರ್ ಸಂಖ್ಯೆ ಕಾಣದಂತೆ ಪಿಡಿಎಫ್ ಕ್ರಾಪ್ ಮಾಡಿ ಊರಿಗೆಲ್ಲ ಕಳಿಸುವ ಮಿತ್ರರು ಇದನ್ನು ಗಮನಿಸಬೇಕು.)

ಹಾಗಾದರೆ ಮೀಡಿಯಾ ಬಾಕ್ಸನ್ನೇ 5.5ಕ್ಕೆ ಇಳಿಸಿದರೆ ಆಯಿತಲ್ಲ ಎನ್ನಬಹುದು. ಒಳಪುಟಕ್ಕೆ ಅದು ನಡೆದೀತು, ಅಲ್ಲಿ ಅಂಚಿನವರೆಗೆ ಮುಟ್ಟುವ ಬಣ್ಣವಿಲ್ಲ. ಮುಖಪುಟಕ್ಕೆ ನಡೆಯದು. ಕಟಿಂಗ್ ಮಷಿನ್ನಿನಲ್ಲಿ ಕಟ್ಟು ಒಂದು ಮಿಲಿಮೀಟರ್ ಸರಿದರೂ, ಹೊರಗೆ ಹರಿದ ಬಣ್ಣವಿಲ್ಲದ ಮುಖಪುಟದ ಅಂಚಿನಲ್ಲಿ ಬಿಳಿ ಗೆರೆ ಹಲ್ಲು ಕಿರಿಯುತ್ತದೆ. ಹರಿದ ಬಣ್ಣದ ಗಡಿಗೆ ಬ್ಲೀಡ್ ಬಾಕ್ಸ್ ಎಂಬ ಇನ್ನೊಂದು ಪೆಟ್ಟಿಗೆಯೇ ಇದೆ. ಟ್ರಿಮ್ಮಿನ ಜೊತೆಗೆ ಅದೂ 1.3ನೆಯ ಆವೃತ್ತಿಯಲ್ಲಿ ಪಿಡಿಎಫ್‌ಗೆ ಸೇರಿತು. ಮುದ್ರಣಕ್ಕೆಂದೇ ಮಾಡಿದ ಪಿಡಿಎಫ್/ಎಕ್ಸ್ ಮಾದರಿಯಲ್ಲಿ ಟ್ರಿಮ್ ಬಾಕ್ಸ್ ಅಥವಾ ಅದರ ಬದಲಿಗೆ ಆರ್ಟ್ ಬಾಕ್ಸ್ ಇರಲೇಬೇಕು. ನಾನು ಆ ಮಾದರಿಯಲ್ಲಿ ಕಳಿಸಿದ್ದರೆ ಎರಡು ಸಲ ಓಡಾಡುವುದು ತಪ್ಪುತ್ತಿತ್ತು.

ಮೂರನೆಯ ಸಲ ಮೂಲ ಫೈಲನ್ನೇ ಪೆನ್‌ಡ್ರೈವಿನಲ್ಲಿ ಒಯ್ದೆ. ‘ಮೀಡಿಯಾ ಬೇಡಪ್ಪ, ಟ್ರಿಮ್ ತಗೋ, ಫಿಟ್ ಮಾಡಬೇಡ’ ಎಂದೆ. ಹುಡುಗ ಪಟ್ಟಿಯಲ್ಲಿ ಒಂದು ಆಯ್ಕೆ ಬದಲಿಸಿ, ಅಳತೆ ನೂರಕ್ಕೆ ನೂರು ಇಟ್ಟ. ಪ್ರೂಫ್ ಬಂದಾಗ ಅವನ ಮೇಜಿನ ಮೇಲಿದ್ದ ಸ್ಟೀಲ್ ಸ್ಕೇಲನ್ನು ಒಂದು ಕಟಿಂಗ್ ಗುರುತಿನಿಂದ ಇನ್ನೊಂದಕ್ಕೆ ಇಟ್ಟು ನೋಡಿದೆ. ಐದೂವರೆ ಇಂಚು.